ಆಂಶಿಕ ಭಿನ್ನರಾಶಿಗಳು: ಅಪವರ್ತನ ಮುಚ್ಚುವ ವಿಧಾನ

ಬಹುಪದೋಕ್ತಿಗಳಿಂದಾದ ಒಂದು ದೊಡ್ಡ ಭಿನ್ನರಾಶಿಯನ್ನು ಸರಳ ಛೇದಗಳುಳ್ಳ ಸಣ್ಣ ಭಿನ್ನರಾಶಿಗಳ ಮೊತ್ತವಾಗಿ ಬಿಡಿಸಿ ಬರೆಯಬಹುದು. ಹೀಗೆ ಬಿಡಿಸಿದಾಗ ಸಿಗುವ ತುಂಡುಗಳೇ ಆಂಶಿಕ ಭಿನ್ನರಾಶಿಗಳು. ಛೇದವು (x − 1)(x + 2)(x − 4) ಎಂಬಂತೆ ಒಂದಕ್ಕೊಂದು ಬೇರೆಯಾದ ರೇಖಾತ್ಮಕ ಅಪವರ್ತನಗಳ ಗುಣಲಬ್ಧವಾಗಿದ್ದರೆ ಕೆಲಸ ತುಂಬ ಹಗುರ. ಆಗ ಪ್ರತಿ ಅಪವರ್ತನಕ್ಕೂ ಒಂದೇ ಒಂದು ತುಂಡು, ಪ್ರತಿ ತುಂಡಿನ ಅಂಶವೂ ಬರಿಯ ಒಂದು ಸ್ಥಿರಾಂಕ. ಆ ಸ್ಥಿರಾಂಕ ಬೇಕೆಂದರೆ ಛೇದದಲ್ಲಿ ಅದಕ್ಕೆ ಸೇರಿದ ಅಪವರ್ತನವನ್ನು ಬೆರಳಿನಿಂದ ಮುಚ್ಚಿ, ಮುಚ್ಚಿದ್ದು ಸೊನ್ನೆಯಾಗುವ x ಬೆಲೆಯನ್ನು ಉಳಿದ ಭಾಗದಲ್ಲಿ ಆದೇಶಿಸಿದರೆ ಸಾಕು. ದ್ವಿತೀಯ ಪಿಯುಸಿಯ ಅನುಕಲನದ ಪಾಠದಿಂದ ಹಿಡಿದು ಎಂಜಿನಿಯರಿಂಗ್ ತರಗತಿಯ ಲಾಪ್ಲಾಸ್ ಪರಿವರ್ತನೆಯವರೆಗೆ ಈ ಉಪಾಯ ಬಳಕೆಯಲ್ಲಿದೆ. ಮಾಡುವುದನ್ನು ಎರಡು ನಿಮಿಷದಲ್ಲಿ ಕಲಿಯಬಹುದು. ಅದು ಏಕೆ ಸರಿ, ಎಲ್ಲಿ ಸದ್ದಿಲ್ಲದೆ ಅರ್ಧ ಉತ್ತರ ಕೊಟ್ಟು ಸುಮ್ಮನಾಗುತ್ತದೆ ಎಂಬುದಕ್ಕೆ ಹೆಚ್ಚು ಹೊತ್ತು ಬೇಕು.

ಮಾಡುವ ಕ್ರಮ

ಈ ಭಿನ್ನರಾಶಿಯನ್ನು ತೆಗೆದುಕೊಳ್ಳೋಣ:

(4x² + 16x − 38) / [(x − 1)(x + 2)(x − 4)] = A/(x − 1) + B/(x + 2) + C/(x − 4)

A ಬೇಕಾದರೆ ಎಡಗಡೆಯ ಛೇದದಲ್ಲಿ (x − 1) ಮೇಲೆ ಬೆರಳಿಡಬೇಕು. ಆ ಅಪವರ್ತನವನ್ನು ಸೊನ್ನೆ ಮಾಡುವ ಬೆಲೆ x = 1. ಕಣ್ಣಿಗೆ ಕಾಣುವ ಉಳಿದ ಭಾಗದಲ್ಲಿ 1ನ್ನು ಆದೇಶಿಸಿದರೆ ಅಂಶ 4 + 16 − 38 = −18, ಛೇದ 3 × (−3) = −9. ಆದ್ದರಿಂದ A = 2.

B ಬೇಕಾದರೆ (x + 2) ಮುಚ್ಚಿ x = −2 ಹಾಕಬೇಕು. ಅಂಶ 16 − 32 − 38 = −54, ಛೇದ (−3)(−6) = 18, ಆದ್ದರಿಂದ B = −3. ಹಾಗೆಯೇ (x − 4) ಮುಚ್ಚಿ x = 4 ಹಾಕಿದರೆ ಅಂಶ 64 + 64 − 38 = 90, ಛೇದ 3 × 6 = 18, C = 5. ಉತ್ತರ ಇಷ್ಟು:

2/(x − 1) − 3/(x + 2) + 5/(x − 4)

ಇದನ್ನು ಅನುಕಲಿಸುವುದು ಈಗ ಬಾಯಿಲೆಕ್ಕ: 2 ln|x − 1| − 3 ln|x + 2| + 5 ln|x − 4|, ಜೊತೆಗೆ ಅನುಕಲನ ಸ್ಥಿರಾಂಕ. ಇದೇ ಲೆಕ್ಕವನ್ನು ಸಹಗುಣಕಗಳನ್ನು ಹೋಲಿಸಿ ಮಾಡಲು ಹೊರಟರೆ ಮೊದಲು ಬಲಗಡೆಯನ್ನು ಪೂರ್ತಿ ವಿಸ್ತರಿಸಬೇಕು. ಆಮೇಲೆ A + B + C = 4, −2A − 5B + C = 16, −8A + 4B − 2C = −38 ಎಂಬ ಮೂರು ಏಕಕಾಲಿಕ ಸಮೀಕರಣಗಳನ್ನು ಬಿಡಿಸಬೇಕು. ಉತ್ತರ ಅದೇ ಬರುತ್ತದೆ, ಆದರೆ ಈ ದಾರಿಯಲ್ಲಿ ಒಂದು ಚಿಹ್ನೆ ತಪ್ಪಿದರೆ ಮೂರು ಸ್ಥಿರಾಂಕಗಳೂ ಕೆಡುತ್ತವೆ. ಮುಚ್ಚುವ ವಿಧಾನದಲ್ಲಿ ಒಂದರ ತಪ್ಪು ಇನ್ನೊಂದಕ್ಕೆ ಹರಡುವುದಿಲ್ಲ, ಏಕೆಂದರೆ ಪ್ರತಿಯೊಂದನ್ನೂ ಮೂಲ ಭಿನ್ನರಾಶಿಯಿಂದಲೇ ಬೇರೆಬೇರೆಯಾಗಿ ಪಡೆಯುತ್ತೇವೆ. ನಿಜವಾದ ಲಾಭ ಇದು. ಸಮಯದ ಉಳಿತಾಯ ಎರಡನೆಯ ಮಾತು.

x = 1 ಹಾಕಲು ಅಧಿಕಾರವೇನು

ಚುರುಕಾದ ವಿದ್ಯಾರ್ಥಿ ಇಲ್ಲಿ ತಕರಾರು ತೆಗೆಯುತ್ತಾನೆ, ಮತ್ತು ಆ ತಕರಾರು ನ್ಯಾಯವಾದದ್ದೇ. ಮೂಲ ಭಿನ್ನರಾಶಿಗೆ x = 1ರಲ್ಲಿ ಬೆಲೆಯೇ ಇಲ್ಲ; ಛೇದ ಸೊನ್ನೆ. ಬೆಲೆಯಿಲ್ಲದ ಜಾಗದಲ್ಲೇ ಬೆಲೆ ಕಟ್ಟಿ A ಪಡೆದಿದ್ದೇವಲ್ಲ? ಹಲವು ಗೈಡುಗಳು ಈ ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗುತ್ತವೆ.

ಬೆರಳು ಮರೆಮಾಡಿದ್ದು ಒಂದು ಗುಣಾಕಾರವನ್ನು. ಸಮೀಕರಣದ ಎರಡೂ ಕಡೆಯನ್ನು (x − 1)ರಿಂದ ಗುಣಿಸಿದರೆ ಹೀಗಾಗುತ್ತದೆ:

(4x² + 16x − 38) / [(x + 2)(x − 4)] = A + (x − 1)·[B/(x + 2) + C/(x − 4)]

ಎಡಗಡೆಯಲ್ಲಿ ಕಾಣುವುದು ಮುಚ್ಚಿದ ಮೇಲೆ ಉಳಿದ ಭಾಗವೇ. ಈ ಹೊಸ ಸಮೀಕರಣ 1, −2, 4 ಬಿಟ್ಟು x ನ ಎಲ್ಲ ಬೆಲೆಗಳಿಗೂ ನಿಜ. ಈಗ ಗಮನಿಸಬೇಕಾದದ್ದೇನೆಂದರೆ, ಎರಡೂ ಕಡೆಯ ಛೇದಗಳಲ್ಲಿ (x − 1) ಉಳಿದಿಲ್ಲ. ಆದ್ದರಿಂದ x = 1ರ ಬಳಿ ಎರಡೂ ಉತ್ಪನ್ನಗಳು ಅವಿಚ್ಛಿನ್ನವಾಗಿವೆ. 1ರ ಸುತ್ತಲಿನ ಎಲ್ಲ ಬಿಂದುಗಳಲ್ಲಿ ಸಮನಾಗಿರುವ ಎರಡು ಅವಿಚ್ಛಿನ್ನ ಉತ್ಪನ್ನಗಳು 1ರಲ್ಲಿ ಮಾತ್ರ ಬೇರೆಯಾಗಲು ಸಾಧ್ಯವಿಲ್ಲ. ಅಲ್ಲಿ ಬಲಗಡೆಯ ಎರಡನೆಯ ಪದ ಸೊನ್ನೆಯಾಗಿ A ಒಂದೇ ಉಳಿಯುತ್ತದೆ. ನಾವು ಸೊನ್ನೆಯಿಂದ ಭಾಗಿಸಿಲ್ಲ. ಗುಣಿಸಿ ಪಡೆದ ಬೇರೊಂದು ಸಮೀಕರಣದಲ್ಲಿ 1ನ್ನು ಆದೇಶಿಸಿದ್ದೇವೆ.

ಅವಿಚ್ಛಿನ್ನತೆಯ ಮಾತೇ ಬೇಡ ಎನ್ನುವವರಿಗೆ ಬೀಜಗಣಿತದ ದಾರಿಯೂ ಇದೆ. ಇಡೀ ಛೇದದಿಂದ ಗುಣಿಸಿದರೆ

4x² + 16x − 38 = A(x + 2)(x − 4) + B(x − 1)(x − 4) + C(x − 1)(x + 2)

ಎಂಬ ಬಹುಪದೋಕ್ತಿಗಳ ಸಮತೆ ಸಿಗುತ್ತದೆ. ಅಸಂಖ್ಯ ಬೆಲೆಗಳಲ್ಲಿ ಸಮನಾದ ಎರಡು ಬಹುಪದೋಕ್ತಿಗಳು ಎಲ್ಲೆಡೆಯೂ ಸಮ, ಹಾಗಾಗಿ ಇಲ್ಲಿ x = 1 ಹಾಕಲು ಯಾವ ಅಡ್ಡಿಯೂ ಇಲ್ಲ. ಹಾಕಿದೊಡನೆ B, C ಇರುವ ಪದಗಳು ಉದುರಿಹೋಗುತ್ತವೆ.

ತುಂಡುಗಳು ಇದ್ದೇ ಇವೆಯೆ?

ಇಷ್ಟು ಹೊತ್ತೂ A, B, C ಇವೆ ಎಂದು ನಂಬಿಕೊಂಡು ಅವುಗಳ ಬೆಲೆ ಹುಡುಕಿದೆವು. ಇಲ್ಲದಿದ್ದರೆ? ಇದಕ್ಕೆ ಬೇರೆ ಪ್ರಮೇಯ ತರಬೇಕಾಗಿಲ್ಲ, ಮುಚ್ಚುವ ವಿಧಾನವೇ ಉತ್ತರ ಕೊಡುತ್ತದೆ. ಮುಚ್ಚಿ ಪಡೆದ 2, −3, 5 ಎಂಬ ಸಂಖ್ಯೆಗಳನ್ನು ಮೇಲಿನ ಸಮತೆಯ ಬಲಗಡೆಗೆ ಹಾಕಿ, ಎಡಗಡೆಯಿಂದ ಅದನ್ನು ಕಳೆಯೋಣ. ಸಿಗುವ ಬಹುಪದೋಕ್ತಿಯ ಘಾತ ಹೆಚ್ಚೆಂದರೆ 2. ಆದರೆ ಅದು 1, −2, 4 ಎಂಬ ಮೂರು ಕಡೆ ಸೊನ್ನೆಯಾಗುತ್ತದೆ, ಏಕೆಂದರೆ ನಾವು ಸ್ಥಿರಾಂಕಗಳನ್ನು ಆರಿಸಿದ್ದೇ ಹಾಗೆ. ಎರಡನೆಯ ಘಾತದ ಬಹುಪದೋಕ್ತಿಗೆ ಮೂರು ಶೂನ್ಯತೆಗಳು ಇರಲಾರವು. ಆದ್ದರಿಂದ ವ್ಯತ್ಯಾಸ ಪೂರ್ತಿ ಸೊನ್ನೆ. ವಿಭಜನೆ ಇದೆ, ಅದು ಇದೊಂದೇ.

ಈ ವಾದದಲ್ಲಿ ಎರಡು ಷರತ್ತುಗಳು ಬಳಕೆಯಾದವು. ಶೂನ್ಯತೆಗಳು ಬೇರೆಬೇರೆ ಇರಬೇಕು, ಇಲ್ಲದಿದ್ದರೆ ಮೂರು ಬಿಂದುಗಳೇ ಸಿಗುವುದಿಲ್ಲ. ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ವ್ಯತ್ಯಾಸದ ಘಾತ 2ಕ್ಕೆ ನಿಲ್ಲುವುದಿಲ್ಲ. ಪಠ್ಯಗಳು ನಿಯಮದಂತೆ ಹೇಳುವ ಈ ಎರಡು ಷರತ್ತುಗಳ ಮೂಲ ಇಲ್ಲಿದೆ.

ಎರಡನೆಯ ಘಾತದ ಬಹುಪದೋಕ್ತಿಯನ್ನು ಮೂರು ಬಿಂದುಗಳಲ್ಲಿನ ಅದರ ಬೆಲೆಗಳಿಂದಲೇ ಕಟ್ಟುವ ಲಗ್ರಾಂಜನ ಸೂತ್ರವನ್ನು ಓದಿದವರಿಗೆ ಮೇಲಿನ ಸಮತೆ ಪರಿಚಿತವೆನಿಸಬೇಕು. ಆ ಸೂತ್ರವನ್ನು ಛೇದದಿಂದ ಭಾಗಿಸಿದರೆ ಬರುವುದೇ ಆಂಶಿಕ ಭಿನ್ನರಾಶಿ. ಎರಡೂ ಒಂದೇ ಲೆಕ್ಕ.

ಇನ್ನೊಂದು ರೂಪವೂ ಉಪಯುಕ್ತ. ಅಂಶವನ್ನು P(x), ಛೇದವನ್ನು Q(x) ಎಂದರೆ, a ಎಂಬ ಶೂನ್ಯತೆಗೆ ಸೇರಿದ ಸ್ಥಿರಾಂಕ P(a)/Q′(a). ಇಲ್ಲಿ Q′ ಎಂದರೆ Q ನ ಅವಕಲನ. ನಮ್ಮ ಛೇದವನ್ನು ವಿಸ್ತರಿಸಿದರೆ x³ − 3x² − 6x + 8. ಅದರ ಅವಕಲನ 3x² − 6x − 6. ಇದರಲ್ಲಿ 1, −2, 4 ಹಾಕಿದರೆ −9, 18, 18 ಬರುತ್ತವೆ. ಮೇಲೆ ಮುಚ್ಚಿ ಪಡೆದ ಛೇದಗಳೂ ಇವೇ. ಶೂನ್ಯತೆಗಳು ಗೊತ್ತಿದ್ದು ಅಪವರ್ತನ ಬರೆಯಲು ಬೇಸರವಾದಾಗ, ಅಥವಾ ಅಪವರ್ತನಗಳ ಸಂಖ್ಯೆ ಹೆಚ್ಚಿದ್ದಾಗ ಈ ರೂಪ ಅನುಕೂಲ.

ತಾಳೆ ನೋಡುವ ಬಗೆ

ಸ್ಥಿರಾಂಕಗಳನ್ನು ಬಿಡಿಬಿಡಿಯಾಗಿ ಪಡೆಯುವುದರಿಂದ ಒಂದು ತಪ್ಪು ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ. ಹಾಗಾಗಿ ಹೊರಗಿನಿಂದ ತಾಳೆ ನೋಡಬೇಕು. ಮೊದಲನೆಯದು ಮೊತ್ತದ ತಾಳೆ. ಸಮೀಕರಣವನ್ನು x ನಿಂದ ಗುಣಿಸಿ, x ಅನ್ನು ಮಿತಿಯಿಲ್ಲದೆ ದೊಡ್ಡದು ಮಾಡುತ್ತ ಹೋದರೆ ಬಲಗಡೆ A + B + C ಆಗುತ್ತದೆ. ಎಡಗಡೆ ಅಂಶದಲ್ಲಿನ x² ನ ಸಹಗುಣಕ ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ 2 − 3 + 5 = 4, ಸರಿಯಾಗಿದೆ. B ಯ ಚಿಹ್ನೆ ತಪ್ಪಿ 3 ಎಂದು ಬರೆದಿದ್ದರೆ ಮೊತ್ತ 10 ಆಗಿ ತಕ್ಷಣ ಸಿಕ್ಕಿಬೀಳುತ್ತಿತ್ತು. ಅಂಶದ ಘಾತ ಛೇದದ ಘಾತಕ್ಕಿಂತ ಕನಿಷ್ಠ 2ರಷ್ಟು ಕಡಿಮೆಯಿದ್ದರೆ ಸ್ಥಿರಾಂಕಗಳ ಮೊತ್ತ ಸೊನ್ನೆಯೇ ಆಗಬೇಕು.

ಈ ತಾಳೆಗೆ ಒಂದು ಕುರುಡು ಜಾಗವಿದೆ. ಸ್ಥಿರಾಂಕಗಳು ಸರಿಯಿದ್ದು ಜಾಗ ಅದಲುಬದಲಾದರೆ, ಅಂದರೆ 2 ಮತ್ತು 5 ಒಂದರ ಛೇದದ ಮೇಲೆ ಇನ್ನೊಂದು ಕೂತರೆ, ಮೊತ್ತ ಬದಲಾಗುವುದಿಲ್ಲ. ಪರೀಕ್ಷೆಯ ಅವಸರದಲ್ಲಿ ಇದು ಅಪರೂಪವೇನಲ್ಲ. ಅದಕ್ಕೆ x = 0 ಹಾಕಿ ನೋಡುವುದು ಮದ್ದು. ಎಡಗಡೆ −38/8 = −4.75, ಬಲಗಡೆ −2 − 1.5 − 1.25 = −4.75. ಅದಲುಬದಲಾಗಿದ್ದರೆ ಬಲಗಡೆ −5 − 1.5 − 0.5 = −7 ಬರುತ್ತಿತ್ತು. ಎರಡು ತಾಳೆಗೂ ಸೇರಿ ಅರ್ಧ ನಿಮಿಷ ಹಿಡಿಯುವುದಿಲ್ಲ.

ಎಡವುವ ಜಾಗಗಳು

x ನ ಸಹಗುಣಕ 1 ಅಲ್ಲದ ಅಪವರ್ತನದಲ್ಲಿ ಗೊಂದಲ ಹೆಚ್ಚು. 7x/[(2x − 1)(x + 3)] ಎಂಬುದರಲ್ಲಿ (2x − 1) ಅನ್ನು ಇಡಿಯಾಗಿ ಮುಚ್ಚಿ x = 1/2 ಹಾಕಿದರೆ 3.5/3.5 = 1. ಈ 1 ಬರುವುದು (2x − 1) ಎಂಬ ಛೇದದ ಮೇಲೆ, (x − 1/2)ರ ಮೇಲಲ್ಲ. ಇನ್ನೊಂದು ಸ್ಥಿರಾಂಕ −21/−7 = 3. ಉತ್ತರ 1/(2x − 1) + 3/(x + 3). ಏನನ್ನು ಮುಚ್ಚಿದೆವೋ ಅದನ್ನೇ ಛೇದವಾಗಿ ಬರೆಯಬೇಕು ಎಂಬುದಷ್ಟೇ ನಿಯಮ. (3 − x) ಮುಚ್ಚಿದ್ದರೆ ಕೆಳಗೆ (3 − x) ಇರಬೇಕು. ಅಭ್ಯಾಸಬಲದಿಂದ (x − 3) ಎಂದು ಬರೆದರೆ ಚಿಹ್ನೆ ಹೋಯಿತು. ಇಂಥ ಲೆಕ್ಕದಲ್ಲಿ ಮೊತ್ತದ ತಾಳೆಯನ್ನೂ ಹೊಂದಿಸಿಕೊಳ್ಳಬೇಕು: ಪ್ರತಿ ಸ್ಥಿರಾಂಕವನ್ನು ಅದರ ಅಪವರ್ತನದಲ್ಲಿನ x ನ ಸಹಗುಣಕದಿಂದ ಭಾಗಿಸಿ ಕೂಡಬೇಕು. 1/2 + 3 = 3.5, ಎಡಗಡೆ 7/2. ಸರಿಹೋಯಿತು.

ಇದಕ್ಕಿಂತ ಮೋಸದ ಜಾಗ ವಿಷಮ ಭಿನ್ನರಾಶಿಯದು, ಅಂದರೆ ಅಂಶದ ಘಾತ ಛೇದದ ಘಾತಕ್ಕೆ ಸಮ ಅಥವಾ ಹೆಚ್ಚು ಇರುವಂಥದ್ದು. x³/[(x − 1)(x − 2)] ತೆಗೆದುಕೊಂಡು ಮುಚ್ಚುತ್ತ ಹೋದರೆ ವಿಧಾನ ಎಲ್ಲೂ ತಡೆಯುವುದಿಲ್ಲ. x = 1ರಲ್ಲಿ −1, x = 2ರಲ್ಲಿ 8. ಉತ್ತರ −1/(x − 1) + 8/(x − 2) ಎಂದು ಬರೆದು ಮುಂದೆ ಹೋಗಬಹುದು. x = 0 ಹಾಕಿದಾಗ ಮಾತ್ರ ಎಡಗಡೆ 0, ಬಲಗಡೆ 1 − 4 = −3 ಎಂದು ಬಯಲಾಗುತ್ತದೆ.

ಸ್ವಾರಸ್ಯವೆಂದರೆ, ಆ −1 ಮತ್ತು 8 ತಪ್ಪಲ್ಲ. x³ ಅನ್ನು x² − 3x + 2ರಿಂದ ಭಾಗಿಸಿದರೆ ಭಾಗಲಬ್ಧ x + 3 ಬರುತ್ತದೆ. ಪೂರ್ತಿ ಉತ್ತರ x + 3 − 1/(x − 1) + 8/(x − 2). ಭಾಗಲಬ್ಧ ಒಂದು ಬಹುಪದೋಕ್ತಿ; (x − 1)ರಿಂದ ಗುಣಿಸಿ x = 1 ಹಾಕಿದಾಗ ಅದೂ ಸೊನ್ನೆಯಾಗಿ ಮರೆಯಾಗುತ್ತದೆ. ಹಾಗಾಗಿ ಮುಚ್ಚುವ ವಿಧಾನಕ್ಕೆ ಅದು ಕಾಣುವುದೇ ಇಲ್ಲ. ಮೊದಲು ಭಾಗಿಸಿ ಶೇಷದ ಮೇಲೆ ಮುಚ್ಚುವುದು ವಾಡಿಕೆ. ಮೂಲ ಅಂಶದ ಮೇಲೆಯೇ ಮುಚ್ಚಿ, ಭಾಗಲಬ್ಧವನ್ನು ಆಮೇಲೆ ಸೇರಿಸಿದರೂ ಫಲ ಒಂದೇ. ಭಾಗಲಬ್ಧವನ್ನು ಮರೆಯುವಂತಿಲ್ಲ, ಅಷ್ಟೆ.

ಚರಿತ್ರೆ

ಭಿನ್ನರಾಶಿಗಳನ್ನು ಹೀಗೆ ಬಿಡಿಸುವ ಕ್ರಮ ಬೆಳೆದದ್ದು ಅನುಕಲನದ ಅಗತ್ಯದಿಂದ. ಲೈಬ್ನಿಟ್ಸ್ ಮತ್ತು ಯೊಹಾನ್ ಬರ್ನೂಲಿ 1702ರಲ್ಲಿ ಈ ಬಗೆಯ ಅನುಕಲನದ ಬಗ್ಗೆ ಬರೆದರು. ಲೆಯೊನಾರ್ಡ್ ಆಯ್ಲರ್ 1748ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥ ‘ಇಂಟ್ರೊಡಕ್ಟಿಯೊ ಇನ್ ಅನಲಿಸಿನ್ ಇನ್ಫಿನಿಟೋರಮ್’ನಲ್ಲಿ ಇದಕ್ಕೆ ವ್ಯವಸ್ಥಿತ ನಿರೂಪಣೆ ಇದೆ. ಒಂದು ರೇಖಾತ್ಮಕ ಅಪವರ್ತನವನ್ನು ಬದಿಗಿಟ್ಟು, ಅದನ್ನು ಸೊನ್ನೆ ಮಾಡುವ ಬೆಲೆಯನ್ನು ಉಳಿದದ್ದರಲ್ಲಿ ಹಾಕುವ ನಿಯಮವೂ ಅಲ್ಲೇ ಇದೆ.

ಆದರೂ ವಿಧಾನ ಇಂದು ಹೆಸರಾಗಿರುವುದು ಆಲಿವರ್ ಹೆವಿಸೈಡ್ ಹೆಸರಿನಲ್ಲಿ. 1850ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತ ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟ, ಕೆಲಕಾಲ ಟೆಲಿಗ್ರಾಫ್ ಕೆಲಸದಲ್ಲಿದ್ದ, ಉಳಿದ ಗಣಿತವನ್ನೆಲ್ಲ ತಾನೇ ಓದಿ ಕಲಿತ. ಅವಕಲನ ಕ್ರಿಯೆಯನ್ನೇ p ಎಂಬ ಅಕ್ಷರವಾಗಿ ಹಿಡಿದು, ಅದನ್ನು ಸಂಖ್ಯೆಯಂತೆ ಕೂಡಿ ಗುಣಿಸಿ ಭಾಗಿಸಿ ವಿದ್ಯುತ್ ಮಂಡಲಗಳ ಸಮೀಕರಣಗಳನ್ನು ಬಿಡಿಸುತ್ತಿದ್ದ. ಹಾಗೆ ಬಂದ ಭಿನ್ನರಾಶಿಗಳನ್ನು ತುಂಡು ಮಾಡಲು ಅವನು ಕೊಟ್ಟ ವಿಸ್ತರಣ ಪ್ರಮೇಯದ ಒಡಲಲ್ಲಿರುವುದು ಮೇಲೆ ಕಂಡ P(a)/Q′(a)ಯೇ. ಸಾಧನೆಯಿಲ್ಲದ ಅವನ ಕ್ರಮಗಳನ್ನು ಕಂಡು ಗಣಿತಜ್ಞರು ಹುಬ್ಬುಗಂಟಿಕ್ಕಿದರು. 1891ರಲ್ಲಿ ಅವನನ್ನು ಸದಸ್ಯನಾಗಿ ಆರಿಸಿದ್ದ ರಾಯಲ್ ಸೊಸೈಟಿಯೇ ಈ ವಿಷಯದ ಅವನ ಲೇಖನಮಾಲೆಯ ಮೂರನೆಯ ಭಾಗವನ್ನು ಪ್ರಕಟಿಸಲು ಒಪ್ಪಲಿಲ್ಲ. ಅವನು ತೀರಿಕೊಂಡದ್ದು 1925ರಲ್ಲಿ. ಆಯ್ಲರನ ನಿಯಮಕ್ಕೆ ಹೆವಿಸೈಡ್ ಹೆಸರು ಅಂಟಿದ್ದು, ಅದನ್ನು ದಿನನಿತ್ಯ ಬಳಸಿದವರು ಎಂಜಿನಿಯರುಗಳು ಎಂಬ ಕಾರಣಕ್ಕೆ ಇರಬೇಕು.

ಸಂಖ್ಯೆಗಳ ಮಟ್ಟದಲ್ಲಿ ಇದರ ಒಂದು ಪುಟ್ಟ ಪೂರ್ವಜ ಕನ್ನಡನಾಡಿನ ನೆಲಕ್ಕೆ ಸೇರಿದ್ದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೆಯ ಶತಮಾನದ ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ ಅಂಶ 1 ಇರುವ ಭಿನ್ನರಾಶಿಯನ್ನು ನಮಗೆ ಬೇಕಾದ ಅಂಶಗಳುಳ್ಳ ಹಲವು ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ನಿಯಮ ಕೊಡುತ್ತಾನೆ. ಉದಾಹರಣೆಗೆ 1/2 = 1/(2·3) + 2/(3·5) + 1/5. ಇದು ನಿಂತಿರುವುದು a/[n(n + a)] = 1/n − 1/(n + a) ಎಂಬ ಸಂಗತಿಯ ಮೇಲೆ; ಎರಡು ಅಪವರ್ತನಗಳನ್ನು ಒಂದೊಂದಾಗಿ ಮುಚ್ಚಿದರೆ ನಮಗೆ ಸಿಗುವುದೂ ಅದೇ. ಅವನಲ್ಲಿ ಚರಾಕ್ಷರದ ಬಹುಪದೋಕ್ತಿಗಳಿಲ್ಲ, ಹಾಗಾಗಿ ವಿಧಾನವನ್ನೇ ಅವನಿಗೆ ಆರೋಪಿಸುವುದು ಅತಿಯಾದೀತು.

ಒಂದು ಬಳಕೆ

y″ + 3y′ + 2y = 1 ಎಂಬ ಅವಕಲ ಸಮೀಕರಣದಲ್ಲಿ, t = 0ರಲ್ಲಿ y, y′ ಎರಡೂ ಸೊನ್ನೆ ಎಂದಿರಲಿ. ನಿಶ್ಚಲವಾಗಿದ್ದ ವ್ಯವಸ್ಥೆಗೆ ಒಮ್ಮೆಲೇ ಸ್ಥಿರವಾದ ತಳ್ಳು ಕೊಟ್ಟಾಗ ಬರುವ ಸಮೀಕರಣ ಇಂಥದ್ದು. ಲಾಪ್ಲಾಸ್ ಪರಿವರ್ತನೆ ಮಾಡಿದರೆ 1/[s(s + 1)(s + 2)] ದೊರೆಯುತ್ತದೆ. s ಮುಚ್ಚಿದರೆ 1/2; (s + 1) ಮುಚ್ಚಿ −1 ಹಾಕಿದರೆ 1/[(−1)(1)] = −1; (s + 2) ಮುಚ್ಚಿ −2 ಹಾಕಿದರೆ 1/[(−2)(−1)] = 1/2. ಆದ್ದರಿಂದ y = 1/2 − e⁻ᵗ + (1/2)e⁻²ᵗ.

ಇಲ್ಲಿ ಮೊತ್ತದ ತಾಳೆಗೆ ಒಂದು ಅರ್ಥವೂ ಒದಗುತ್ತದೆ. ಮೂರು ಸ್ಥಿರಾಂಕಗಳ ಮೊತ್ತ ಸೊನ್ನೆ; t = 0ರಲ್ಲಿ y ನ ಬೆಲೆ ಆ ಮೊತ್ತವೇ. ವ್ಯವಸ್ಥೆ ಸೊನ್ನೆಯಿಂದ ಹೊರಟಿತು ಎಂಬ ಷರತ್ತೇ ತಾಳೆಯಾಗಿ ಎದುರು ಬಂದಿದೆ. s ಮುಚ್ಚಿ ಪಡೆದ 1/2 ಬಹಳ ಹೊತ್ತಿನ ನಂತರ y ನೆಲೆಗೊಳ್ಳುವ ಬೆಲೆ.

ಅದೇ ವಿಭಜನೆಯಲ್ಲಿ s ಬದಲು n ಬರೆದು 1, 2, 3 ಎಂದು ಕೂಡುತ್ತ ಹೋದರೆ 1/(1·2·3) + 1/(2·3·4) + 1/(3·4·5) + … ಎಂಬ ಅನಂತ ಶ್ರೇಢಿ ಸಿಗುತ್ತದೆ. 1/2, −1, 1/2 ಎಂಬ ಸ್ಥಿರಾಂಕಗಳಿಂದಾಗಿ ನಡುವಿನ ಪದಗಳೆಲ್ಲ ಒಂದನ್ನೊಂದು ಕಳೆದುಕೊಂಡು ಮೊತ್ತ 1/4ಕ್ಕೆ ನಿಲ್ಲುತ್ತದೆ.

ಎಲ್ಲೆಗಳು

ಅಪವರ್ತನ ಪುನರಾವರ್ತನೆಯಾದಾಗ ವಿಧಾನ ತಾನಾಗಿಯೇ ಸೂಚನೆ ಕೊಡುತ್ತದೆ. (3x + 1)/[(x − 1)²(x + 2)]ರಲ್ಲಿ ಒಂದು (x − 1) ಮಾತ್ರ ಮುಚ್ಚಿ 1 ಹಾಕಿದರೆ ಉಳಿದ (x − 1) ಛೇದವನ್ನು ಸೊನ್ನೆ ಮಾಡುತ್ತದೆ. ವರ್ಗವನ್ನು ಇಡಿಯಾಗಿ ಮುಚ್ಚಿದರೆ 1/(x − 1)²ರ ಸ್ಥಿರಾಂಕ 4/3 ಸಿಗುತ್ತದೆ, (x + 2) ಮುಚ್ಚಿದರೆ −5/9. 1/(x − 1)ರ ಸ್ಥಿರಾಂಕ ಮಾತ್ರ ಮುಚ್ಚುವುದರಿಂದ ಬರುವುದಿಲ್ಲ. ಇಲ್ಲಿ ಅಂಶದಲ್ಲಿ x² ಇಲ್ಲದ್ದರಿಂದ ಮೊತ್ತದ ತಾಳೆಯನ್ನೇ ಬಳಸಿ, −5/9ಕ್ಕೆ ಸೇರಿ ಸೊನ್ನೆಯಾಗಬೇಕಾದ ಸಂಖ್ಯೆ 5/9 ಎಂದು ಹೇಳಬಹುದು. ಘಾತ ಇನ್ನೂ ಹೆಚ್ಚಿದರೆ ಬೇರೆ ಕ್ರಮ ಬೇಕು.

ಶೂನ್ಯತೆಗಳು ಬೇರೆಯಾಗಿದ್ದರೂ ತೀರ ಹತ್ತಿರವಿದ್ದಾಗ ತೊಂದರೆ ಮೆಲ್ಲಗೆ ಬರುತ್ತದೆ, ಮತ್ತು ಕಾಗದದ ಮೇಲೆ ಅದು ಕಾಣುವುದಿಲ್ಲ. 1/[(x − 1)(x − 1.001)]ರಲ್ಲಿ ಮುಚ್ಚಿದರೆ ಸಿಗುವ ಸ್ಥಿರಾಂಕಗಳು −1000 ಮತ್ತು 1000. ಬೀಜಗಣಿತದ ದೃಷ್ಟಿಯಿಂದ ಇದು ಪೂರ್ತಿ ಸರಿ. ಆದರೆ x = 3ರಲ್ಲಿ ಬೆಲೆ ಬೇಕೆಂದರೆ −500 ಮತ್ತು 500.25ರ ಸಮೀಪದ ಎರಡು ಸಂಖ್ಯೆಗಳನ್ನು ಕೂಡಿ 0.25ರ ಆಸುಪಾಸಿನ ಉತ್ತರ ಪಡೆಯಬೇಕು. ನಾಲ್ಕು ಅಂಕಿಗಳಿಗೆ ದುಂಡುಮಾಡಿ ಕೂಡಿದರೆ 500.3 − 500.0 = 0.3 ಬರುತ್ತದೆ, ನಾಲ್ಕು ಅಂಕಿಗಳಲ್ಲಿ ಉಳಿದದ್ದು ಒಂದು. ಶೂನ್ಯತೆಗಳ ಅಂತರ ಇನ್ನೂ ಕಿರಿದಾದಂತೆ ಸ್ಥಿರಾಂಕಗಳು ಬೆಳೆಯುತ್ತಲೇ ಹೋಗುತ್ತವೆ. ಅಳತೆಯಿಂದ ಬಂದ ಸಂಖ್ಯೆಗಳಲ್ಲಿ ಲೆಕ್ಕ ಹಾಕುವವರು, ಸಣ್ಣ ಭಿನ್ನರಾಶಿಗೆ ವಿರುದ್ಧ ಚಿಹ್ನೆಯ ಎರಡು ದೊಡ್ಡ ಸ್ಥಿರಾಂಕಗಳು ಜೋಡಿಯಾಗಿ ಬಂದದ್ದು ಕಂಡರೆ, ಆ ಎರಡು ಅಪವರ್ತನಗಳನ್ನು ಬಿಡಿಸದೆ ಒಂದೇ ವರ್ಗ ಛೇದವಾಗಿ ಇಟ್ಟುಕೊಳ್ಳುತ್ತಾರೆ.